ರಾತ್ರಿ ಎರಡರ ಮೇಲೆ ನಡುಗುವ ಲೋಟ

ಪುಣೆಯ ಒಂದು ಐದಂತಸ್ತಿನ ಆಸ್ಪತ್ರೆ. ಮೇಲಿನ ಮಹಡಿಯ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡುವ ಸಿಸ್ಟರ್ ಬೆಳಗಾವಿಯವರು. ನಡುಕ ನೋಡಲು ಬಂದ ನಾನು ಧಾರವಾಡದವನು ಅಂತ ಗೊತ್ತಾದ ಕೂಡಲೇ ಮರಾಠಿ ಬಿಟ್ಟು ಕನ್ನಡಕ್ಕೆ ಬಂದರು. "ಹಗಲೆಲ್ಲ ಏನೂ ಇಲ್ಲ ನೋಡ್ರಿ ಸರ್. ರಾತ್ರಿ ಎರಡರ ಮ್ಯಾಲ ಶುರು ಆಗ್ತದ. ಈ ಲೋಟ ನೋಡ್ರಿ."

ಮಂಚದ ಪಕ್ಕದ ಮೇಜಿನ ಮೇಲೆ ಸ್ಟೀಲ್ ಲೋಟ ಇತ್ತು. ಮುಕ್ಕಾಲು ಭಾಗ ನೀರು. ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು ಒಂದರ ಹಿಂದೆ ಒಂದು ಅಂಚಿನಿಂದ ನಡುವಿಗೆ ಬರುತ್ತಿದ್ದವು. ಕಿವಿಗೆ ಸದ್ದು ಅಷ್ಟಾಗಿ ಇಲ್ಲ. ಆದರೆ ಮೇಜಿನ ಮೇಲೆ ಅಂಗೈ ಇಟ್ಟರೆ ಗೊತ್ತಾಗುತ್ತಿತ್ತು.

ಹಗಲು ಇಲ್ಲದ್ದು ರಾತ್ರಿ ಬರುತ್ತೆ ಅಂದರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಇಲ್ಲೂ ಹೋಗಿತ್ತು. ವಾಸ್ತು ಹೇಳುವವರೊಬ್ಬರು ಮೊದಲೇ ಬಂದು, ಭಾರ ನೈಋತ್ಯ ಮೂಲೆಯಲ್ಲಿ ಇರಬೇಕು ಎಂದು ಹೇಳಿ, ಟೆರೇಸಿನ ಚಿಲ್ಲರನ್ನು, ಅಂದರೆ ಎಸಿಗೆ ನೀರು ತಂಪು ಮಾಡುವ ಮೆಷಿನ್ನನ್ನು, ಅಲ್ಲಿಗೆ ಸಾಗಿಸಿದ್ದರು. ಈಗ ನಡುಕ ಶುರುವಾದ ಮೇಲೆ ಇನ್ನೊಂದು ದೋಷ ಹುಡುಕುತ್ತಿದ್ದರು. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಆ ಕಟ್ಟಡದ ನೈಋತ್ಯದಲ್ಲಿ ಕೆಳಗೆ ದೊಡ್ಡ ವಾರ್ಡು, ನಡುವೆ ಕಂಬ ಇಲ್ಲ. ಬೀಮುಗಳು ಒಂಬತ್ತು ಮೀಟರ್ ಉದ್ದ. ಇಡೀ ಟೆರೇಸಿನಲ್ಲಿ ಅತಿ ಮೆತ್ತಗಿನ ಸ್ಲ್ಯಾಬ್ ಅದೇ. ಆರು ಟನ್ನಿನ ಮೆಷಿನ್ ಅದರ ಮೇಲೆ ಕೂತಾಗ ಸ್ಲ್ಯಾಬ್ ನಡುವೆ ಸುಮಾರು 3 ಮಿಲಿಮೀಟರ್ ತಗ್ಗಿತ್ತು. ಬಿರುಕಿಲ್ಲ, ಕುಸಿಯುವ ಭಯವೂ ಇಲ್ಲ. ಆದರೆ ಅದು ಗಟ್ಟಿ ನೆಲ ಅಲ್ಲ, ಒಂದು ಸ್ಪ್ರಿಂಗ್.

ಚಿಲ್ಲರ್ ಕೆಳಗೆ ರಬ್ಬರ್ ಪ್ಯಾಡ್ ಹಾಕಿದ್ದರು. "ಪ್ಯಾಡ್ ಇದೆಯಲ್ಲ, ಮತ್ತೇನು?" ಎಂದು ಎಲ್ಲರೂ ಕೇಳಿದರು. ಎಲ್ಲರಿಗೂ ಇರುವ ತಪ್ಪು ಕಲ್ಪನೆ ಇದೇ: ರಬ್ಬರ್ ಇದ್ದರೆ ನಡುಕ ಹೀರಿಕೊಳ್ಳುತ್ತೆ ಅಂತ. ಇಲ್ಲಿ ಕೆಲಸ ಮಾಡುವುದು ಹೀರುವಿಕೆ ಅಲ್ಲ. ಭಾರ ಬಿದ್ದಾಗ ಅದು ಎಷ್ಟು ತಗ್ಗುತ್ತೆ ಅನ್ನೋದು.

ಘಾಟ್ ರಸ್ತೆಯ ಎಸ್‌ಟಿ ಬಸ್ಸು ನೆನಪಿಸಿಕೊಳ್ಳಿ. ಖಾಲಿ ಇದ್ದಾಗ ಎತ್ತಿ ಎತ್ತಿ ಹಾಕುತ್ತೆ. ಜನ ತುಂಬಿದಾಗ ಅದೇ ಬಸ್ಸು ಆರಾಮವಾಗಿ ತೇಲಿಕೊಂಡು ಹೋಗುತ್ತೆ, ಅಲ್ವಾ? ಅಡಿಯ ಸ್ಪ್ರಿಂಗ್ ಪಟ್ಟೆ ಅದೇ, ರಸ್ತೆ ಅದೇ. ಭಾರಕ್ಕೆ ಪಟ್ಟೆ ಜಾಸ್ತಿ ತಗ್ಗಿದೆ, ಅದರ ತೂಗಾಟ ನಿಧಾನವಾಗಿದೆ. ರಸ್ತೆಯ ಗುಂಡಿಗಳು ಬೇಗ ಬೇಗ ಬರುತ್ತವೆ, ಬಸ್ಸು ಅವುಗಳ ಹಿಂದೆ ಓಡುವುದಿಲ್ಲ. ಇನ್ನೂ ಸುಲಭವಾಗಿ ಬೇಕಾದರೆ, ಉದ್ದ ರಬ್ಬರ್ ಬ್ಯಾಂಡಿಗೆ ಬೀಗದ ಕೈ ಗೊಂಚಲು ಕಟ್ಟಿ ನೇತಾಡಿಸಿ. ಕೈಯನ್ನು ನಿಧಾನ ಮೇಲೆ ಕೆಳಗೆ ಮಾಡಿದರೆ ಗೊಂಚಲೂ ಜೊತೆಗೇ ಬರುತ್ತೆ. ಸ್ವಲ್ಪ ಬೇಗ ಮಾಡಿದರೆ ಹುಚ್ಚೆದ್ದು ಕುಣಿಯುತ್ತೆ. ಇನ್ನೂ ಬೇಗ ಮಾಡಿ, ಗೊಂಚಲು ಇದ್ದಲ್ಲೇ ನಿಲ್ಲುತ್ತೆ, ಕೈ ಮಾತ್ರ ಆಡುತ್ತೆ. ನಮಗೆ ಬೇಕಾದದ್ದು ಈ ಮೂರನೇ ಸ್ಥಿತಿ. ಎರಡನೆಯದರಲ್ಲಿ ಸಿಕ್ಕಿಬಿದ್ದರೆ ಪ್ಯಾಡ್ ಹಾಕದೇ ಇದ್ದದ್ದೇ ವಾಸಿ.

ಇದಕ್ಕೆ ಒಂದು ಚಿಕ್ಕ ಲೆಕ್ಕ ಇದೆ:

`f = 15.8 / √d`

ಇಲ್ಲಿ `d` ಅಂದರೆ ಮೆಷಿನ್ ಭಾರಕ್ಕೆ ಪ್ಯಾಡ್ ಅಥವಾ ಸ್ಪ್ರಿಂಗ್ ಎಷ್ಟು ಮಿಲಿಮೀಟರ್ ತಗ್ಗಿತು ಅನ್ನೋದು. `f` ಅಂದರೆ ಅದರ ಮೇಲೆ ಮೆಷಿನ್ ತಾನಾಗಿ ಸೆಕೆಂಡಿಗೆ ಎಷ್ಟು ಸಲ ತೂಗುತ್ತೆ ಅನ್ನೋದು. ತೂಕ ಲೆಕ್ಕದಲ್ಲಿ ಬೇರೆಯಾಗಿ ಬರುವುದೇ ಇಲ್ಲ. ನನಗೆ ಈ ಸೂತ್ರದ ಮೇಲೆ ಇರುವ ಪ್ರೀತಿಗೆ ಇದೇ ಕಾರಣ. ಒಂದು ಸ್ಕೇಲ್ ಹಿಡಿದು ಟೆರೇಸಿಗೆ ಹೋದರೆ ಅರ್ಧ ಉತ್ತರ ಸಿಕ್ಕಿತು.

ಆಸ್ಪತ್ರೆಯ ಪ್ಯಾಡ್ 3 ಮಿಲಿಮೀಟರ್ ತಗ್ಗಿತ್ತು. ಲೆಕ್ಕಕ್ಕೆ 9 ಬರುತ್ತೆ. ಆದರೆ ರಬ್ಬರ್ ಸುಮ್ನೆ ಒತ್ತಿದಾಗ ಇರುವುದಕ್ಕಿಂತ ನಡುಗುವಾಗ ಗಟ್ಟಿ. ಹಾಗಾಗಿ ನಿಜಕ್ಕೆ ಸುಮಾರು 10.5 ಅಂತ ಹಿಡಿಯಿರಿ. ಇನ್ನು ಚಿಲ್ಲರಿನ ಮೇಲಿನ ಫ್ಯಾನುಗಳು. ಹಗಲು ಅವು ನಿಮಿಷಕ್ಕೆ 930 ಸುತ್ತು, ಅಂದರೆ ಸೆಕೆಂಡಿಗೆ 15.5. ಆಗಲೂ ಪ್ಯಾಡ್ ನಡುಕದ ಬಹುಪಾಲನ್ನು ಕೆಳಗೆ ಬಿಡುತ್ತಿತ್ತು. ಆದರೆ ಸ್ಲ್ಯಾಬಿಗೆ ಆ ವೇಗ ಒಗ್ಗುತ್ತಿರಲಿಲ್ಲ, ಸುಮ್ಮನಿರುತ್ತಿತ್ತು.

ರಾತ್ರಿ ಎರಡಕ್ಕೆ ಪುಣೆಯ ಗಾಳಿ ತಣ್ಣಗಾಗುತ್ತೆ. ಚಿಲ್ಲರಿಗೆ ಅಷ್ಟು ಗಾಳಿ ಬೇಡ. ಕರೆಂಟ್ ಉಳಿಸಲು, ಫ್ಯಾನಿನ ವೇಗ ನಿಯಂತ್ರಿಸುವ ಡ್ರೈವ್ ಅವುಗಳನ್ನು ನಿಧಾನ ಮಾಡುತ್ತೆ. ಅವತ್ತು ಪ್ಯಾನೆಲ್ ನೋಡಿದೆ: 450 ಸುತ್ತು. ಸೆಕೆಂಡಿಗೆ 7.5. ಸ್ಲ್ಯಾಬಿನದು ಎಷ್ಟು? ವಾರ್ಡಿನ ಮೇಲೆ, ಟೆರೇಸಿನ ನಡುವೆ, ಹಿಮ್ಮಡಿ ಎತ್ತಿ ನಿಂತು ದೊಪ್ಪನೆ ಬಿಟ್ಟೆ. ಪಕ್ಕದಲ್ಲಿ ಇಟ್ಟ ಕಂಪನ ಅಳೆಯುವ ಮೀಟರಿನಲ್ಲಿ ಸ್ಲ್ಯಾಬ್ ಗಂಟೆ ಬಾರಿಸಿದ ಹಾಗೆ ತನ್ನ ಲಯದಲ್ಲಿ ಆಡಿ ನಿಂತಿತು. 7.5. ದೋಷ ಸಿಕ್ಕಿತು. ಫ್ಯಾನು ನಿಧಾನ ಆಗುತ್ತಾ ಬಂದು ಸ್ಲ್ಯಾಬಿನ ಲಯದ ಮೇಲೇ ನಿಲ್ಲುತ್ತಿತ್ತು. ಆ ವೇಗದಲ್ಲಿ ಪ್ಯಾಡ್ ನಡುಕವನ್ನು ತಡೆಯುವುದಿರಲಿ, ಸುಮಾರು ಎರಡು ಪಟ್ಟು ಮಾಡಿ ಕೆಳಗೆ ಕೊಡುತ್ತಿತ್ತು.

ಹಾಗಾದರೆ ಸ್ಪ್ರಿಂಗ್ ಹಾಕಿ ಬಿಡೋಣ ಅಂದರೆ, ಎಷ್ಟು ತಗ್ಗುವ ಸ್ಪ್ರಿಂಗ್? ಕೆಟಲಾಗಿನ ಲೆಕ್ಕ ಕೆಳಗಿನ ನೆಲ ಅಲುಗಾಡುವುದಿಲ್ಲ ಅಂತ ಹಿಡಿಯುತ್ತೆ. ನೆಲವೇ ಬಗ್ಗಿದರೆ ಸ್ಪ್ರಿಂಗ್ ಪೂರ್ತಿ ಕೆಲಸ ಮಾಡುವುದಿಲ್ಲ. ಹಗ್ಗದ ಮಂಚದ ಮೇಲೆ ತೆಳ್ಳನೆ ಗಾದಿ ಹಾಸಿದ ಹಾಗೆ. ಮಲಗಿದರೆ ಹಗ್ಗ ಜಗ್ಗುತ್ತೆ, ಗಾದಿ ಹಾಗೇ ಇರುತ್ತೆ. ಗಾದಿ ಗಾದಿಯ ಕೆಲಸ ಮಾಡಬೇಕಾದರೆ ಅದು ಹಗ್ಗಕ್ಕಿಂತ ಎಷ್ಟೋ ಮೆತ್ತಗಿರಬೇಕು. ಇಲ್ಲಿ ಸ್ಲ್ಯಾಬ್ 3 ಮಿಲಿಮೀಟರ್, ಪ್ಯಾಡೂ 3 ಮಿಲಿಮೀಟರ್ ತಗ್ಗಿದ್ದವು. ಇಬ್ಬರೂ ಸಮ. ಸ್ಲ್ಯಾಬಿನ ತಗ್ಗಿಗೆ ಹತ್ತು ಪಟ್ಟಿಗಿಂತ ಕಡಿಮೆ ಆದರೆ ನಾನು ಒಪ್ಪುವುದಿಲ್ಲ. 25 ಮಿಲಿಮೀಟರ್ ಸ್ಪ್ರಿಂಗ್ ಹಾಕಿದರೆ ರಾತ್ರಿಯ ವೇಗದಲ್ಲಿ ನಡುಕದ ಐದನೇ ಒಂದು ಭಾಗ ಕೆಳಗೆ ಬರುತ್ತೆ. 50 ಮಿಲಿಮೀಟರ್ ಆದರೆ ಹತ್ತನೇ ಒಂದು ಭಾಗ. 50 ತಗೊಂಡೆವು. ಅದರ ಜೊತೆಗೆ ಡ್ರೈವಿನಲ್ಲಿ 400ರಿಂದ 500 ಸುತ್ತಿನ ನಡುವೆ ಫ್ಯಾನು ನಿಲ್ಲದೆ ದಾಟಿ ಹೋಗುವ ಹಾಗೆ ಹೇಳಿದೆವು. ಎರಡನೆಯದಕ್ಕೆ ದುಡ್ಡೇ ಬೇಕಾಗಲಿಲ್ಲ.

ಸ್ಪ್ರಿಂಗ್ ಹಾಕಿದ ಮೇಲೂ ಲೋಟದಲ್ಲಿ ಸಣ್ಣ ಉಂಗುರ ಉಳಿದಿತ್ತು. ಈ ಸಲ ಪೈಪು. ಚಿಲ್ಲರಿನ ಪಕ್ಕ ಪೈಪಿಗೆ ರಬ್ಬರ್ ಬೆಲ್ಲೋಸ್, ಅಂದರೆ ಬಾಗುವ ಜೋಡಣೆ, ಇತ್ತು. ಆದರೆ ನೀರು ತುಂಬಿದ ಪೈಪಿನಲ್ಲಿ ನಡುಕ ಬೆಲ್ಲೋಸ್ ದಾಟಿ ನೀರಿನೊಳಗೇ ಹೋಗುತ್ತೆ. ಮುಂದಿನ ಸಪೋರ್ಟು ಸ್ಲ್ಯಾಬಿಗೆ ಬೋಲ್ಟ್ ಹಾಕಿದ ಕಬ್ಬಿಣದ ಆ್ಯಂಗಲ್. ಆರಿಂಚಿನ ಪೈಪು ನೀರು ಸೇರಿ ಮೀಟರಿಗೆ ಸುಮಾರು 50 ಕಿಲೋ. ಮೂರು ಮೀಟರಿಗೊಂದು ಸಪೋರ್ಟ್ ಅಂದರೆ ಒಂದೊಂದರ ಮೇಲೆ 150 ಕಿಲೋ. ಬಾಗಿಲು ಹಾಕಿ ಕಿಟಕಿ ತೆರೆದಿಟ್ಟ ಹಾಗೆ ಆಗಿತ್ತು. ಮೊದಲ ನಾಲ್ಕು ಸಪೋರ್ಟಿಗೂ ಸ್ಪ್ರಿಂಗ್ ಹಾಕಿದೆವು. ಪೈಪು ಸ್ಲ್ಯಾಬ್ ತೂರಿ ಇಳಿಯುವ ತೂತಿನಲ್ಲಿ ಸಿಮೆಂಟ್ ತುಂಬಿದ್ದರು. ಅದನ್ನು ಒಡೆದು ತೆಗೆದು ಮೆತ್ತನೆ ಕಲ್ಲುನಾರು, ರಾಕ್‌ವೂಲ್, ತುಂಬಿದೆವು. ಆಮೇಲೆ ಲೋಟದ ನೀರು ನಿಂತಿತು.

ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಸ್ಪ್ರಿಂಗ್ ಮೇಲಿದೆ, ಭೂಕಂಪ ಆದರೂ ಏನೂ ಆಗಲ್ಲ" ಎನ್ನುತ್ತಾರೆ. ಇದು ಪೂರ್ತಿ ಉಲ್ಟಾ. 1971ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಫರ್ನಾಂಡೊ ಭೂಕಂಪದಲ್ಲಿ ಸ್ಪ್ರಿಂಗ್ ಮೇಲೆ ಬಿಡಿಯಾಗಿ ಕೂತಿದ್ದ ಮೆಷಿನ್ನುಗಳು ಸ್ಪ್ರಿಂಗ್ ಬಿಟ್ಟು ಕೆಳಗೆ ಬಿದ್ದವು. ಎಂಜಿನಿಯರುಗಳು ಅಲ್ಲಿಂದ ಪಾಠ ಕಲಿತರು. ನಮ್ಮ ಕಡೆ ಭೂಕಂಪ ಎಲ್ಲಿ ಅನ್ನುವವರಿಗೆ ಕೊಯ್ನಾ ನೆನಪಿಸಬೇಕು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಸಾತಾರಾ ಜಿಲ್ಲೆಯ ಕೊಯ್ನಾ ಅಣೆಕಟ್ಟಿನ ಹತ್ತಿರ ನೆಲ ನಡುಗಿತು. ಜಲಾಶಯದ ನೀರು ಪ್ರಚೋದಿಸಿದ ಭೂಕಂಪಗಳಿಗೆ ಜಗತ್ತೆಲ್ಲ ಕೊಡುವ ಉದಾಹರಣೆ ಅದು. ಪುಣೆ, ಮುಂಬೈಗಳಲ್ಲೂ ಜನ ಎದ್ದು ಕೂತರು. ಕಟ್ಟಡಗಳ ಭೂಕಂಪ ವಿನ್ಯಾಸಕ್ಕೆ ಇರುವ ಭಾರತೀಯ ಮಾನದಂಡ ಐಎಸ್ 1893ರ 2016ರ ಆವೃತ್ತಿಯಲ್ಲಿ ಪುಣೆ, ಮುಂಬೈ, ಗೋವಾ ಮೂರೂ ಮೂರನೇ ಭೂಕಂಪ ವಲಯದಲ್ಲಿವೆ.

ನಮ್ಮ 50 ಮಿಲಿಮೀಟರ್ ಸ್ಪ್ರಿಂಗಿನ ಲಯ ಸೆಕೆಂಡಿಗೆ 2.2. ಐದಂತಸ್ತಿನ ಕಟ್ಟಡ ತಾನು ಅಡ್ಡಡ್ಡ ತೂಗುವ ಲಯ ಎಷ್ಟು? ಅಂತಸ್ತಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಅಂತ ಹಿಡಿದರೆ ಒಂದು ತೂಗಿಗೆ ಅರ್ಧ ಸೆಕೆಂಡು. ಸೆಕೆಂಡಿಗೆ ಎರಡು ಸಲ! ಸ್ಪ್ರಿಂಗು ಅಡ್ಡಕ್ಕೂ ಹೆಚ್ಚುಕಡಿಮೆ ಅಷ್ಟೇ ಮೆತ್ತಗೆ. ಫ್ಯಾನಿನಿಂದ ತಪ್ಪಿಸಿಕೊಳ್ಳಲು ನಾವೇ ಮೆಷಿನ್ನನ್ನು ಕಟ್ಟಡದ ಲಯಕ್ಕೆ ತಂದು ಕೂರಿಸಿದ್ದೇವೆ. ಗೊಂಚಲಿನ ಎರಡನೇ ಸ್ಥಿತಿ, ಆದರೆ ಈಗ ಆರು ಟನ್ನಿನದು.

ಲೆಕ್ಕ ಹೀಗೆ ಹಿಡಿದೆ. ಮೂರನೇ ವಲಯದ ಅಂಕ 0.16. ವಿನ್ಯಾಸಕ್ಕೆ ಅದರ ಅರ್ಧ, 0.08. ಟೆರೇಸಿನಲ್ಲಿ ನೆಲಕ್ಕಿಂತ ಎರಡು ಪಟ್ಟು. ಸ್ಪ್ರಿಂಗ್ ಮೇಲಿದೆ ಅಂತ ಮತ್ತೆ ಎರಡು ಪಟ್ಟು. ಮೆಷಿನ್ ತೂಕದ 0.32 ಪಟ್ಟು ಆಯಿತು. ಆರು ಟನ್ನಿನ ಮೆಷಿನ್ನನ್ನು ಸುಮಾರು 1.9 ಟನ್ ಬಲ ಪಕ್ಕಕ್ಕೆ ತಳ್ಳುತ್ತೆ. ಅಗಲವಾದ ಮೆಷಿನ್, ಮಗುಚುವುದಿಲ್ಲ. ಆದರೆ ಜಾರುತ್ತೆ, ಸ್ಪ್ರಿಂಗುಗಳು ಓರೆಯಾಗುತ್ತವೆ, ಪೈಪು ಹರಿಯುತ್ತೆ.

ಅದಕ್ಕೇ ಸ್ನಬ್ಬರ್. ಮೆಷಿನ್ನಿನ ಚೌಕಟ್ಟಿನ ಸುತ್ತ ಸ್ಲ್ಯಾಬಿಗೆ ಬಿಗಿದ ಗಟ್ಟಿ ಉಕ್ಕಿನ ತಡೆ, ಒಳಗೆ ರಬ್ಬರ್ ಪಟ್ಟಿ. ಚೌಕಟ್ಟಿಗೂ ತಡೆಗೂ ನಡುವೆ 6 ಮಿಲಿಮೀಟರ್ ಮೀರದ ಸಂದು ಇರಬೇಕು. ಸಂದು ಇಲ್ಲದಿದ್ದರೆ ದಿನನಿತ್ಯದ ನಡುಕ ಅದರ ಮೂಲಕವೇ ಇಳಿಯುತ್ತೆ, ಸ್ಪ್ರಿಂಗ್ ಇದ್ದೂ ಇಲ್ಲದ ಹಾಗೆ. ಸಂದು ದೊಡ್ಡದಾದರೆ ಮೆಷಿನ್ ಓಡಿ ಬಂದು ಸುತ್ತಿಗೆ ಹಾಗೆ ಬಡಿಯುತ್ತೆ. ಪೈಪುಗಳಿಗೂ ಇದೇ ನ್ಯಾಯ. ಸ್ಪ್ರಿಂಗ್ ಮೇಲಿನ ಪೈಪಿಗೆ ಗಟ್ಟಿ ರಾಡ್ ಹಾಕಬಾರದು. ಉಕ್ಕಿನ ತಂತಿಹಗ್ಗ ಎರಡೂ ಕಡೆ, ಸ್ವಲ್ಪ ಸಡಿಲವಾಗಿ.

ಬೋಲ್ಟ್ ಹಾಕುವಾಗ ನಾನು ಅಲ್ಲೇ ನಿಂತಿದ್ದೆ. ಇಲ್ಲಿನ ಟೆರೇಸುಗಳ ಮೇಲೆ ಬ್ರಿಕ್‌ಬ್ಯಾಟ್ ಕೋಬಾ ಇರುತ್ತೆ, ಇಟ್ಟಿಗೆ ಚೂರು ಮತ್ತು ಗಾರೆಯ ನಾಲ್ಕಿಂಚಿನ ಪದರ, ಮಳೆನೀರಿಗೆ ಅಂತ. ಡ್ರಿಲ್ ಸುಲಭವಾಗಿ ಇಳಿದು ಕೆಂಪು ಪುಡಿ ಬಂದರೆ ಅದು ಕೋಬಾ. ಅದರಲ್ಲಿ ನಿಂತ ಬೋಲ್ಟ್ 1.9 ಟನ್ ಹಾಗಿರಲಿ, ನಾಲ್ಕು ಜನ ಜಗ್ಗಿದರೆ ಕಿತ್ತು ಬರುತ್ತೆ. ಬೂದು ಪುಡಿ ಬರಬೇಕು. ಮೊದಲ ತೂತಿನಲ್ಲಿ ಕೆಂಪೇ ಬಂತು. ಕೋಬಾ ಕತ್ತರಿಸಿ ತೆಗೆದು, ಕಾಂಕ್ರೀಟಿಗೆ ಕಂಬಿ ಕೂರಿಸಿ, ಸಣ್ಣ ಪೀಠ ಕಟ್ಟಿ ಬೋಲ್ಟ್ ಹಾಕಿದೆವು. ಮತ್ತೆ ವಾಟರ್‌ಪ್ರೂಫಿಂಗ್ ಮಾಡಿಸಬೇಕಾಯಿತು.

ಮಳೆಗಾಲ ಮುಗಿದ ಮೇಲೆ ಸಿಸ್ಟರ್ ಫೋನ್ ಮಾಡಿದರು. "ಸರ್, ಲೋಟ ಮತ್ತ ಅಲಗಾಡಾಕತ್ತದ." ಹೋದೆ. ಜೇಬಿನಲ್ಲಿದ್ದ ದಪ್ಪ ವಿಸಿಟಿಂಗ್ ಕಾರ್ಡ್ ಒಂದೊಂದೇ ಸ್ನಬ್ಬರಿನ ಸಂದಿಗೆ ತೂರಿಸುತ್ತಾ ಬಂದೆ. ಮೂರರಲ್ಲಿ ಸಲೀಸಾಗಿ ಹೋಯಿತು. ನಾಲ್ಕನೆಯದರಲ್ಲಿ ಕಾರ್ಡ್ ಮಡಚಿಕೊಂಡಿತು. ವಾಟರ್‌ಪ್ರೂಫಿಂಗಿನವರ ಡಾಂಬರು ಹರಿದು ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಹಳೇ ಹ್ಯಾಕ್ಸಾ ಬ್ಲೇಡಿನಿಂದ ಕೆರೆದು ತೆಗೆಯಲು ಹತ್ತು ನಿಮಿಷ ಹಿಡಿಯಿತು.