ಫೋಟೊ ತೋರಿಸಿದರೆ ಫೋನ್ ತೆರೆಯುತ್ತಾ?

"ಸರ್, ನನ್ನ ವಾಟ್ಸಾಪ್ ಡಿಪಿ ತೋರಿಸಿ ಯಾರಾದರೂ ನನ್ನ ಫೋನ್ ತೆರೆಯಬಹುದಾ?" ಈ ಪ್ರಶ್ನೆ ಈ ಸಲ ಡೊಂಬಿವಲಿಯಿಂದ ಬಂದಿದೆ. ಹೋದ ತಿಂಗಳು ಪುಣೆಯಿಂದ ಬಂದಿತ್ತು. ಉತ್ತರ ಅದೇ: ಮುಖ ನೋಡಿ ತೆರೆಯುವ ಫೋನ್‌ಗಳಲ್ಲಿ ಕೆಲವು ಫೋಟೊಗೂ ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ.

ಇಷ್ಟು ಹೇಳಿದ ಕೂಡಲೇ "ನಂದು ದುಬಾರಿ ಫೋನು, ಫೋಟೊಗೆಲ್ಲ ಬಗ್ಗಲ್ಲ" ಅನ್ನುತ್ತಾರೆ. ಮಾಟುಂಗಾದ ಗೆಳೆಯರೊಬ್ಬರೂ ಹಾಗೇ ಅಂದಿದ್ದರು. ಅವರ ಫೋನಿಗೆ ನಲವತ್ತು ಸಾವಿರ ಕೊಟ್ಟಿದ್ದರು. ಅವರ ಹೆಂಡತಿ ಲ್ಯಾಪ್‌ಟಾಪಿನಲ್ಲಿ ಮದುವೆಮನೆಯ ಫೋಟೊ ತೆಗೆದು, ಮುಖ ದೊಡ್ಡದು ಮಾಡಿ, ಬೆಳಕು ಹೊಳೆಯದಂತೆ ಪರದೆ ಸ್ವಲ್ಪ ಓರೆ ಮಾಡಿದರು. ಮೂರನೇ ಸಲಕ್ಕೆ ಫೋನ್ ತೆರೆಯಿತು! ಗೆಳೆಯರ ಮುಖ ನೋಡಬೇಕಿತ್ತು.

ಬೆಲೆ ನೋಡಬೇಡಿ, ಫೋನ್ ಏನನ್ನು ನೋಡುತ್ತದೆ ಅನ್ನುವುದನ್ನು ನೋಡಿ. ತುಂಬಾ ಆಂಡ್ರಾಯ್ಡ್ ಫೋನ್‌ಗಳು ಸೆಲ್ಫಿ ಕ್ಯಾಮೆರಾದ ಚಪ್ಪಟೆ ಚಿತ್ರವನ್ನಷ್ಟೇ ಹೋಲಿಸುತ್ತವೆ. ಐಫೋನಿನ ಫೇಸ್ ಐಡಿ ಕಣ್ಣಿಗೆ ಕಾಣದ 30,000ಕ್ಕೂ ಹೆಚ್ಚು ಚುಕ್ಕೆಗಳನ್ನು ಮುಖದ ಮೇಲೆ ಹಾಯಿಸಿ, ಮೂಗಿನ ಉಬ್ಬು, ಕಣ್ಣಿನ ಗುಳಿ ಅಳೆಯುತ್ತದೆ. ಕಾಗದಕ್ಕೆ ಮೂಗಿನ ಉಬ್ಬು ಎಲ್ಲಿಂದ ಬರಬೇಕು? ಹಾಗಂತ ವಿಶೇಷ ಕ್ಯಾಮೆರಾ ಇಲ್ಲದ್ದೆಲ್ಲ ಕಳಪೆ ಅಂತಲೂ ಅಲ್ಲ. 2023ರ ಪಿಕ್ಸೆಲ್ 8 ಫೋನ್ ಮಾಮೂಲಿ ಸೆಲ್ಫಿ ಕ್ಯಾಮೆರಾದಲ್ಲೇ ಗೂಗಲ್‌ನ ಭದ್ರತಾ ದರ್ಜೆಗಳಲ್ಲಿ ಮೇಲಿನದನ್ನು ಮುಟ್ಟಿತು. ಆ ದರ್ಜೆಗೆ ನಕಲಿ ಮುಖ ಒಪ್ಪುವ ಪ್ರಮಾಣ 7% ದಾಟಬಾರದು.

ಆಂಡ್ರಾಯ್ಡ್‌ನಲ್ಲಿ ಪರೀಕ್ಷೆ ಸುಲಭ. ಬ್ಯಾಂಕ್ ಆಪ್ ತೆರೆಯಿರಿ. ಅದು ಬೆರಳು ಒಪ್ಪಿ ಮುಖ ಕೇಳದಿದ್ದರೆ, ನಿಮ್ಮ ಫೇಸ್ ಅನ್‌ಲಾಕ್ ಬಹುಶಃ ಕೆಳಗಿನ ದರ್ಜೆಯದು. ಅದನ್ನು ತೆಗೆದು ಬೆರಳನ್ನೇ ಇಟ್ಟುಕೊಳ್ಳಿ.

ನೀವು ಅವಳಿಗಳಲ್ಲಿ ಒಬ್ಬರಾಗಿದ್ದರೆ ಫೇಸ್ ಐಡಿಯೂ ಮೋಸ ಹೋಗಬಹುದು. ಆಪಲ್ಲೇ ಅದನ್ನು ಒಪ್ಪಿಕೊಂಡಿದೆ. ಒಂದೇ ತರ ಕಾಣುವ ಅಣ್ಣತಮ್ಮಂದಿರ ವಿಷಯದಲ್ಲೂ ಅಷ್ಟೇ.

ಇನ್ನು ನಿದ್ದೆ. ಫೇಸ್ ಐಡಿ ಕಣ್ಣು ತೆರೆದು ಪರದೆ ನೋಡುವುದನ್ನು ಕಾಯುತ್ತದೆ, `Require Attention for Face ID` ಆಫ್ ಮಾಡದಿದ್ದರೆ. ಬೆರಳಿಗೆ ಅದೆಲ್ಲ ಗೊತ್ತಿಲ್ಲ. ಪಿಜಿಯ ರೂಮ್‌ಮೇಟ್ ನಿಮ್ಮ ಹೆಬ್ಬೆರಳನ್ನು ಮೆಲ್ಲಗೆ ಒತ್ತಿದರೆ ಸಾಕು. ಮಲಗುವ ಮುಂಚೆ ಆಂಡ್ರಾಯ್ಡ್‌ನ ಪವರ್ ಮೆನುವಿನಲ್ಲಿ `Lockdown` ಒತ್ತಿ. ಕೆಲವು ಫೋನ್‌ಗಳಲ್ಲಿ ಇದನ್ನು ಮೊದಲು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬೇಕು. ಫೇಸ್ ಐಡಿ ಇರುವ ಐಫೋನಿನಲ್ಲಿ ಪಕ್ಕದ ಬಟನ್ನು, ವಾಲ್ಯೂಮ್ ಬಟನ್ನು ಎರಡನ್ನೂ ಸ್ವಲ್ಪ ಹೊತ್ತು ಅದುಮಿ ಹಿಡಿಯಿರಿ. ಆಮೇಲೆ ಒಮ್ಮೆ ಪಿನ್ ಹಾಕುವವರೆಗೆ ಮುಖ, ಬೆರಳು ಯಾವುದೂ ನಡೆಯಲ್ಲ.

ಯಾರೂ ಕೇಳದ ಪ್ರಶ್ನೆ ಒಂದಿದೆ: ನಿಮ್ಮ ಪಿನ್ ಯಾರಿಗೆಲ್ಲ ಗೊತ್ತು? ಅದು ಗೊತ್ತಿದ್ದವರು ತಮ್ಮ ಬೆರಳನ್ನೂ ಸುಮ್ನೆ ಸೇರಿಸಿಬಿಡಬಹುದು. ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಬೆರಳಿವೆ ಎಣಿಸಿ. ನಮ್ಮ ಅತ್ತಿಗೆ ಎರಡು ಇಟ್ಟಿದ್ದರು, ಎಣಿಸಿದರೆ ಮೂರು. ಮೂರನೆಯದು ಆರನೇ ಕ್ಲಾಸಿನ ಮಗನದು. ಗೇಮ್ ಆಡೋಕೆ ಅಂತೆ.