ಬರೆಯಲ್ಲಿ ಜೆಸಿಬಿ ಮಗುಚಿದರೆ ವಾಹನ ವಿಮೆಯೊಂದೇ ಸಾಕೇ?

ಪ್ರಶ್ನೆ: ಸೋಮವಾರಪೇಟೆ ತಾಲ್ಲೂಕಿನಲ್ಲಿ ಮನೆ, ಹೋಂಸ್ಟೇ ಕಟ್ಟುವ ಗುತ್ತಿಗೆ ಕೆಲಸ ಮಾಡುತ್ತಿದ್ದೇನೆ. ಹಳೆಯ ಜೆಸಿಬಿಯೊಂದನ್ನು 16 ಲಕ್ಷ ರೂಪಾಯಿಗೆ ಕೊಂಡಿದ್ದೇನೆ. ಆರ್‌ಟಿಒ ನೋಂದಣಿ ಆಗಿದೆ, ಫುಲ್ ಇನ್ಶೂರೆನ್ಸ್ ಕೂಡ ಇದೆ. ಇದರ ಮೇಲೆ ಗುತ್ತಿಗೆದಾರರ ಯಂತ್ರೋಪಕರಣ ವಿಮೆಯನ್ನೂ, ಅಂದರೆ ಸಿಪಿಎಂ ಪಾಲಿಸಿಯನ್ನೂ ಮಾಡಿಸಬೇಕೇ? ಮಾಡಿಸುವುದಾದರೆ ಎಷ್ಟು ಮೊತ್ತಕ್ಕೆ?

ಉತ್ತರ: ನಿಮ್ಮ ಯಂತ್ರ ಬರೆಯಲ್ಲಿ, ಅಂದರೆ ಗುಡ್ಡದ ಕಡಿದಾದ ಇಳಿಜಾರಿನಲ್ಲಿ, ಮಣ್ಣು ತೆಗೆಯುವುದಾದರೆ ಮಾಡಿಸಬೇಕು. ಮೊತ್ತವನ್ನು ಮಾತ್ರ ನೀವು ಕೊಟ್ಟ 16 ಲಕ್ಷಕ್ಕೆ ನಿಲ್ಲಿಸಬಾರದು. ಈ ಎರಡು ಮಾತುಗಳಿಗೂ ಕಾರಣ ಪಾಲಿಸಿಯ ಷರತ್ತುಗಳಲ್ಲೇ ಇದೆ.

ಮೊದಲು ನಿಮ್ಮ ಕೈಯಲ್ಲಿರುವ ವಾಹನ ವಿಮೆಯ ಪಾಲಿಸಿಯನ್ನು ತೆರೆದು, ಅದಕ್ಕೆ ಲಗತ್ತಿಸಿರುವ ಷರತ್ತುಗಳ ಪಟ್ಟಿಯಲ್ಲಿ ಐಎಂಟಿ 47 ಎಂಬ ಸಂಖ್ಯೆ ಇದೆಯೇ ಎಂದು ನೋಡಿ. ಕ್ರೇನ್, ಅಗೆಯುವ ಯಂತ್ರ ಮುಂತಾದವುಗಳಿಗೆ ಅನ್ವಯಿಸುವ ಷರತ್ತು ಇದು. ಯಂತ್ರವನ್ನು ವಾಹನವಾಗಿ ಓಡಿಸದೆ ಉಪಕರಣವಾಗಿ ಕೆಲಸಕ್ಕೆ ಬಳಸುತ್ತಿರುವಾಗ ಆ ಕೆಲಸದಿಂದಲೇ ಅದು ಮಗುಚಿ ಹಾನಿಯಾದರೆ, ವಿಮಾ ಕಂಪನಿ ಅದಕ್ಕೆ ಹೊಣೆಯಲ್ಲ ಎಂದು ಅದು ಹೇಳುತ್ತದೆ. ಹೆಚ್ಚುವರಿ ಪ್ರೀಮಿಯಂ ಕಟ್ಟಿ ಈ ನಿರ್ಬಂಧವನ್ನು ತೆಗೆಸಿಕೊಂಡಿರದಿದ್ದರೆ, ಕುಶಾಲನಗರದಿಂದ ಬರುವಾಗ ರಸ್ತೆಯಲ್ಲಿ ಬಸ್ಸಿಗೆ ತಾಗಿದ ಹಾನಿಗೆ ನಿಮ್ಮ ಫುಲ್ ಇನ್ಶೂರೆನ್ಸ್ ಒದಗುತ್ತದೆಯೇ ಹೊರತು, ಬರೆ ಕಡಿಯುತ್ತಿದ್ದಾಗ ಕೆಳಗಿನ ಮಣ್ಣು ಜಾರಿ ಯಂತ್ರ ತೋಟಕ್ಕೆ ಉರುಳಿದರೆ ಒದಗುವುದಿಲ್ಲ. 2018ರ ಆಗಸ್ಟ್‌ನ ಭೂಕುಸಿತಗಳನ್ನು ಕಂಡಿರುವ ನಮ್ಮ ಜಿಲ್ಲೆಯಲ್ಲಿ, ಮನೆಯ ತಳಪಾಯಕ್ಕೆಂದು ಗುಡ್ಡ ಕಡಿಯುವ ಯಂತ್ರಕ್ಕೆ ಹೆಚ್ಚಿನ ಅಪಾಯವಿರುವುದು ಎರಡನೆಯ ಬಗೆಯದರಲ್ಲೇ.

ಸಿಪಿಎಂ ಪಾಲಿಸಿ ಈ ಜಾಗವನ್ನು ತುಂಬುತ್ತದೆ. ಯಂತ್ರ ಕೆಲಸದಲ್ಲಿರಲಿ, ನಿಲ್ಲಿಸಿರಲಿ, ದುರಸ್ತಿಗೆಂದು ಬಿಚ್ಚಿಟ್ಟಿರಲಿ, ನಿವೇಶನದಲ್ಲಿ ಅನಿರೀಕ್ಷಿತವಾಗಿ ಆಗುವ ಹಾನಿಗೆ ಅದು ಅನ್ವಯಿಸುತ್ತದೆ. ಮಗುಚುವುದು, ಡಿಕ್ಕಿ, ಬೆಂಕಿ, ಕಳವು, ನೆರೆ, ಭೂಕುಸಿತ ಎಲ್ಲವೂ ಇದರೊಳಗೆ ಬರುತ್ತವೆ. ಕ್ರೇನ್‌ಗೂ ನೋಂದಣಿಯೇ ಇಲ್ಲದ ಕಾಂಕ್ರೀಟ್ ಮಿಕ್ಸರ್‌ಗೂ ಇದೇ ಪಾಲಿಸಿ ನಡೆಯುತ್ತದೆ. ಆದರೆ ಇದು ವಾಹನ ವಿಮೆಗೆ ಬದಲಿಯಲ್ಲ. ರಸ್ತೆಗಿಳಿಯುವ ನೋಂದಾಯಿತ ಯಂತ್ರಕ್ಕೆ ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿಯೇ ಇರಬೇಕು. ಒಂದು ನಿವೇಶನದಿಂದ ಇನ್ನೊಂದಕ್ಕೆ ಲಾರಿಯ ಮೇಲೆ ಸಾಗಿಸುವಾಗ ಆಗುವ ಹಾನಿಯನ್ನೂ ಸಿಪಿಎಂ ಸಾಮಾನ್ಯವಾಗಿ ಹೊರಗಿಡುತ್ತದೆ. ಕೆಲಸದ ಸ್ಥಳ ಆಗಾಗ ಬದಲಾಗುವುದಿದ್ದರೆ, ಪಾಲಿಸಿಯಲ್ಲಿ ಒಂದೇ ನಿವೇಶನದ ವಿಳಾಸ ಬರೆಸದೆ ಇಡೀ ಜಿಲ್ಲೆಗೋ ರಾಜ್ಯಕ್ಕೋ ಅನ್ವಯಿಸುವಂತೆ ಬರೆಸಿಕೊಳ್ಳಿ.

ಹೆಚ್ಚಿನ ತಕರಾರು ಏಳುವುದು ಯಂತ್ರ ಕೆಟ್ಟದ್ದಕ್ಕೂ ಅಪಘಾತಕ್ಕೂ ನಡುವಿನ ಗೆರೆಯಲ್ಲಿ. ಎಂಜಿನ್ ಸೀಜ್ ಆಗುವುದು, ಆಯಿಲ್ ಇಲ್ಲದೆ ಗೇರ್‌ಬಾಕ್ಸ್ ಹಾಳಾಗುವುದು, ಹೈಡ್ರಾಲಿಕ್ ಹೋಸ್ ಸವೆದು ಒಡೆಯುವುದು, ಇವಕ್ಕೆ ಸಿಪಿಎಂ ಹಣ ಕೊಡುವುದಿಲ್ಲ. ಆದರೆ ಹೋಸ್ ಒಡೆದು, ಎತ್ತಿದ ಬಕೆಟ್ ಒಮ್ಮೆಲೇ ಕುಸಿದು, ಆ ಜಗ್ಗಿಗೆ ಯಂತ್ರ ಮಗುಚಿತೆಂದುಕೊಳ್ಳಿ. ಆಗ ಹೋಸ್‌ನ ಬೆಲೆ ನಿಮ್ಮದು, ಮಗುಚಿದ್ದರಿಂದ ಜಜ್ಜಿದ ಕ್ಯಾಬಿನ್, ಬಾಗಿದ ಬೂಮ್, ಮುರಿದ ರೇಡಿಯೇಟರ್ ಕಂಪನಿಯ ಹೊಣೆ. ಟೈರು, ಬ್ಯಾಟರಿ, ಬಕೆಟ್ಟಿನ ಹಲ್ಲು, ಕ್ರೇನ್‌ನ ವೈರ್ ರೋಪ್ ಮುಂತಾದ ಸವೆಯುವ ಭಾಗಗಳು ತಾವಾಗಿಯೇ ಹಾಳಾದರೆ ಪರಿಹಾರವಿಲ್ಲ.

ಇನ್ನು ಮೊತ್ತದ ವಿಷಯ. ಸಿಪಿಎಂನಲ್ಲಿ ವಿಮಾ ಮೊತ್ತವೆಂದರೆ ನೀವು ಕೊಂಡ ಬೆಲೆಯೂ ಅಲ್ಲ, ಈಗಿನ ಮಾರುಕಟ್ಟೆ ಬೆಲೆಯೂ ಅಲ್ಲ. ಅದೇ ಬಗೆಯ, ಅದೇ ಸಾಮರ್ಥ್ಯದ ಹೊಸ ಯಂತ್ರವನ್ನು ಇಂದು ತರಿಸಿ ನಿಲ್ಲಿಸಲು ತಗಲುವ ವೆಚ್ಚ, ತೆರಿಗೆ, ಸಾಗಣೆಗಳೊಂದಿಗೆ. ಹೊಸದಕ್ಕೆ 32 ಲಕ್ಷ ಆಗುತ್ತದೆ, ನೀವು 16 ಲಕ್ಷಕ್ಕೆ ವಿಮೆ ಮಾಡಿಸಿದ್ದೀರಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಯಂತ್ರ ಮಗುಚಿ ದುರಸ್ತಿಯ ಬಿಲ್ಲು 6,20,000 ರೂಪಾಯಿ ಬಂತು. ಅದರಲ್ಲಿ 20,000 ಸವೆದ ಹೋಸ್ ಮತ್ತು ಹಳೆಯ ಸೋರಿಕೆ ಸರಿಪಡಿಸಿದ್ದಕ್ಕೆ. ಹಾನಿಯನ್ನು ಅಂದಾಜು ಮಾಡಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಅದನ್ನು ಕಳೆದು 6,00,000 ಒಪ್ಪುತ್ತಾರೆ. ಬೇಕಿದ್ದ ಮೊತ್ತದ ಅರ್ಧಕ್ಕಷ್ಟೇ ವಿಮೆ ಇರುವುದರಿಂದ ಒಪ್ಪಿದ ಹಾನಿಯೂ ಅರ್ಧವಾಗಿ 3,00,000ಕ್ಕೆ ಇಳಿಯುತ್ತದೆ. ಪಾಲಿಸಿಯಲ್ಲಿ ನೀವೇ ಹೊರಬೇಕಾದ ಪಾಲು 25,000 ಎಂದಿದ್ದರೆ ಕೈಗೆ ಬರುವುದು 2,75,000. ಮೊತ್ತವನ್ನು 32 ಲಕ್ಷ ಎಂದೇ ಬರೆಸಿದ್ದರೆ 5,75,000 ಬರುತ್ತಿತ್ತು.

ಯಂತ್ರ ಪೂರ್ತಿ ನಾಶವಾದರೆ 32 ಲಕ್ಷ ಕೊಡುತ್ತಾರೆಯೇ ಎಂದು ನೀವು ಕೇಳಬಹುದು. ಇಲ್ಲ. ಆಗ ಸಿಗುವುದು ಅಪಘಾತದ ಹಿಂದಿನ ಕ್ಷಣದಲ್ಲಿ ಯಂತ್ರಕ್ಕಿದ್ದ ನಿಜ ಬೆಲೆ, ಅಂದರೆ ಸವಕಳಿ ಕಳೆದ ಮೊತ್ತ. ದುರಸ್ತಿಯ ಖರ್ಚು ಈ ಬೆಲೆಯನ್ನು ಮುಟ್ಟಿದರೂ ಪೂರ್ತಿ ನಾಶವೆಂದೇ ಎಣಿಸುತ್ತಾರೆ. ಹಾಗಿದ್ದೂ ಹೊಸ ಬೆಲೆಗೆ ವಿಮೆ ಕೇಳುವುದು ಏಕೆಂದರೆ, ಭಾಗಶಃ ಹಾನಿಯಲ್ಲಿ ಹಾಕುವ ಹೊಸ ಬಿಡಿಭಾಗಗಳಿಗೆ ಸಾಮಾನ್ಯವಾಗಿ ಸವಕಳಿ ಕಳೆಯದೆ ಹಣ ಕೊಡಬೇಕಾಗುತ್ತದೆ. ಹಳೆಯ ಜೆಸಿಬಿಗೂ ಹೊಸ ಜೆಸಿಬಿಗೂ ಕ್ಯಾಬಿನ್ ಬೆಲೆ ಒಂದೇ ಅಲ್ಲವೇ? ಕೊಂಡ ಬೆಲೆಯನ್ನೇ ಬರೆದು ಪ್ರೀಮಿಯಂ ಕಡಿಮೆ ತೋರಿಸುವ ಏಜೆಂಟರ ಮಾತನ್ನು ದಯವಿಟ್ಟು ಒಪ್ಪಬೇಡಿ. ಹೊಸ ಯಂತ್ರದ ಕೊಟೇಶನ್ ಒಂದನ್ನು ಡೀಲರ್‌ನಿಂದ ಪಡೆದು ಪ್ರತಿ ವರ್ಷ ನವೀಕರಣದ ಹೊತ್ತಿಗೆ ಮೊತ್ತವನ್ನು ಸರಿಪಡಿಸಿಕೊಳ್ಳಿ.

ಯಂತ್ರ ಉರುಳಿದ ದಿನ ಮಾಡುವ ಒಂದು ಅವಸರದ ಕೆಲಸ ಕ್ಲೇಮನ್ನೇ ಕೆಡಿಸಬಹುದು. ಪಕ್ಕದ ನಿವೇಶನದಿಂದ ಹಿಟಾಚಿ ತರಿಸಿ ಎತ್ತಿ ನಿಲ್ಲಿಸಿದ ಕೂಡಲೇ ಆಪರೇಟರ್ ಕೀಲಿ ತಿರುಗಿಸಿ ನೋಡುತ್ತಾರೆ. ಮಗುಚಿ ಬಿದ್ದಿದ್ದಾಗ ಎಂಜಿನ್ ಆಯಿಲ್ ಸಿಲಿಂಡರಿನೊಳಗೆ ಇಳಿದಿದ್ದರೆ, ಪಿಸ್ಟನ್ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆ ಹಾನಿ ಮಗುಚಿದ್ದರಿಂದ ಆದದ್ದಲ್ಲ, ಆಮೇಲೆ ಆದದ್ದು ಎಂದು ಸರ್ವೇಯರ್ ಬರೆದರೆ ಎಂಜಿನ್ ಖರ್ಚು ನಿಮ್ಮ ತಲೆಗೆ ಬರುತ್ತದೆ. ಆದ್ದರಿಂದ ಯಂತ್ರ ಬಿದ್ದಲ್ಲೇ, ಕುಸಿದ ಮಣ್ಣೂ ಚಕ್ರದ ಗುರುತೂ ಕಾಣುವಂತೆ ಫೋಟೊ ತೆಗೆದು, ಅಂದೇ ಕಂಪನಿಗೆ ತಿಳಿಸಿ, ಎತ್ತಿಸಲು ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಎತ್ತಿದ ಮೇಲೂ ಮೆಕ್ಯಾನಿಕ್ ಬಂದು ಇಂಜೆಕ್ಟರ್ ಬಿಚ್ಚಿ ನೋಡುವವರೆಗೆ ಸ್ಟಾರ್ಟ್ ಮಾಡಿಸಬೇಡಿ. ತಿಳಿಸಲು 14 ದಿನಗಳ ಗಡುವು ಹಾಕಿರುವ ಪಾಲಿಸಿಗಳಿವೆ. ಬದಲಿಸಿದ ಹಳೆಯ ಭಾಗಗಳನ್ನು ಸರ್ವೇಯರ್ ನೋಡುವ ತನಕ ಗುಜರಿಗೆ ಹಾಕದೆ ಇಟ್ಟುಕೊಳ್ಳಬೇಕು.

ಮಳೆಗಾಲದಲ್ಲಿ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ. ಹಾನಿ ತಪ್ಪಿಸಲು ತಕ್ಕ ಎಚ್ಚರ ವಹಿಸಬೇಕೆಂಬುದು ಪಾಲಿಸಿಯ ಷರತ್ತು. ಮಣ್ಣು ಅಗೆಯುವುದಕ್ಕೆ ಜಿಲ್ಲಾಡಳಿತದ ನಿರ್ಬಂಧ ಜಾರಿಯಲ್ಲಿದ್ದ ದಿನ ಬರೆ ಕಡಿಯುತ್ತಿದ್ದಾಗ ಯಂತ್ರ ಉರುಳಿದರೆ, ಈ ಷರತ್ತು ಮುರಿಯಿತೆಂದು ಕಂಪನಿ ತಗಾದೆ ತೆಗೆಯಲು ದಾರಿಯಾಗುತ್ತದೆ. ಆ ದಿನಗಳಲ್ಲಿ ಯಂತ್ರವನ್ನು ಕಡಿದ ಬರೆಯ ಬುಡದಲ್ಲೂ ಅಂಚಿನಲ್ಲೂ ಬಿಡದೆ ಸಮತಟ್ಟಾದ ಗಟ್ಟಿ ನೆಲಕ್ಕೆ ತಂದು ನಿಲ್ಲಿಸಿ, ನಿಲ್ಲಿಸಿದ ಜಾಗದ ಫೋಟೊ ತೆಗೆದಿಡಿ. ನಿಲ್ಲಿಸಿದ್ದ ಯಂತ್ರದ ಮೇಲೆ ಗುಡ್ಡ ಕುಸಿದರೂ ಸಿಪಿಎಂ ಅನ್ವಯಿಸುತ್ತದೆ. ಆದರೆ ನೈಸರ್ಗಿಕ ವಿಕೋಪದ ಹಾನಿಯಲ್ಲಿ ನೀವು ಹೊರಬೇಕಾದ ಪಾಲು ಬೇರೆಯಾಗಿ, ಸಾಮಾನ್ಯವಾಗಿ ಹೆಚ್ಚಾಗಿ ನಮೂದಾಗಿರುತ್ತದೆ. ಪಾಲಿಸಿಗೆ ಸಹಿ ಹಾಕುವ ಮೊದಲು ಆ ಅಂಕಿಯನ್ನು ಓದಿ ನೋಡಿ.