ಪದ ಪರಿಚಯ: ಶಾಟ್ ಲಿಸ್ಟ್ (ಬಸ್ಸಿನಲ್ಲಿ ಹೊರಟ ವ್ಲಾಗಿಗೆ ಬೇಕಾದದ್ದು)

ಕ್ಯಾಮೆರಾದ ರೆಕಾರ್ಡ್ ಗುಂಡಿ ಒತ್ತಿದಾಗಿನಿಂದ ನಿಲ್ಲಿಸುವವರೆಗೆ ಸಿಗುವ ಒಂದು ತುಂಡು ದೃಶ್ಯಕ್ಕೆ ಶಾಟ್ ಅನ್ನುತ್ತಾರೆ. ಶೂಟಿಂಗಿಗೆ ಹೊರಡುವ ಮುಂಚೆ ಯಾವ ಯಾವ ಶಾಟ್ ಬೇಕು, ಎಲ್ಲಿ, ಯಾವ ಹೊತ್ತಿಗೆ, ಹೇಗೆ ತೆಗೆಯಬೇಕು ಅಂತ ಬರೆದಿಟ್ಟುಕೊಂಡ ಪಟ್ಟಿಯೇ ಶಾಟ್ ಲಿಸ್ಟ್. ಇದನ್ನು ಸ್ಕ್ರಿಪ್ಟ್ ಜೊತೆ ಬೆರೆಸಿಕೊಳ್ಳುವವರು ಬಹಳ ಮಂದಿ. ಸ್ಕ್ರಿಪ್ಟಿನಲ್ಲಿರುವುದು ನೋಡುಗರಿಗೆ ಕಥೆ ಬರುವ ಕ್ರಮ: ಮೊದಲು ಬೆಟ್ಟದ ತುದಿ ತೋರಿಸಿ, ಆಮೇಲೆ ಹಿಂದಿನ ದಿನದ ಬಸ್ ನಿಲ್ದಾಣಕ್ಕೆ ಹೋಗಬಹುದು. ಶಾಟ್ ಲಿಸ್ಟಿನಲ್ಲಿರುವುದು ಕ್ಯಾಮೆರಾ ಹಿಡಿದವರು ಕೆಲಸ ಮಾಡುವ ಕ್ರಮ. ಎರಡರ ಕ್ರಮ ಒಂದೇ ಆಗಿರಬೇಕಿಲ್ಲ, ಬಸ್ ಪ್ರವಾಸದಲ್ಲಂತೂ ಆಗುವುದೇ ಇಲ್ಲ.

ಕಾರಿನಲ್ಲಿ ಹೋದರೆ ಚಂದದ ತಿರುವು ಕಂಡಲ್ಲಿ ನಿಲ್ಲಿಸಿ ಇಳಿಯಬಹುದು. ಬಸ್ ನಮಗಾಗಿ ನಿಲ್ಲುವುದಿಲ್ಲ. ಹಾಗಾಗಿ ವಾರಾಂತ್ಯದ ಬಸ್ ಪ್ರವಾಸದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕಾಲಂ, ಆ ಶಾಟ್ ‘ಒಮ್ಮೆ’ ಮಾತ್ರ ಸಿಗುತ್ತದೋ ಅಥವಾ ‘ಮತ್ತೆ’ ಸಿಗುತ್ತದೋ ಅನ್ನುವುದು. ಹತ್ತುವ ಬಸ್ ನಿಲ್ದಾಣದೊಳಗೆ ಬರುವುದು, ಬಯಲು ಮುಗಿದು ಮೊದಲ ಬೆಟ್ಟ ಕಾಣುವುದು, ಊರಲ್ಲಿ ಇಳಿದ ಕೂಡಲೇ ಮುಖದಲ್ಲಿ ಮೂಡುವ ಭಾವ, ಇವೆಲ್ಲ ‘ಒಮ್ಮೆ’. ಟಿಕೆಟ್ ಹಿಡಿದ ಕೈ, ಬೂಟಿನ ಲೇಸು ಕಟ್ಟುವುದು, ಚೀಲದ ಜಿಪ್ ಎಳೆಯುವುದು, ಇವು ‘ಮತ್ತೆ’. ಸಾಮಾನ್ಯವಾಗಿ ಆಗುವುದೇನೆಂದರೆ, ಹೊರಡುವ ಉತ್ಸಾಹದಲ್ಲಿ ಜಿಪ್ಪು ಲೇಸುಗಳನ್ನು ಹತ್ತು ಕೋನದಿಂದ ತೆಗೆಯುತ್ತಾರೆ, ಬಸ್ ಒಳಬರುವಾಗ ಕ್ಯಾಮೆರಾ ಚೀಲದಲ್ಲಿರುತ್ತದೆ. ಪಟ್ಟಿಯಲ್ಲಿ ಆ ಒಂದು ಪದ ಬರೆದಿದ್ದರೆ ಹೀಗಾಗುವುದಿಲ್ಲ.

ಎಷ್ಟು ಶಾಟ್ ಬೇಕು ಅನ್ನುವುದಕ್ಕೆ ಸುಲಭದ ಲೆಕ್ಕ ಇದೆ. ಎಂಟು ನಿಮಿಷದ ವ್ಲಾಗ್ ಅಂದರೆ 480 ಸೆಕೆಂಡ್. ಅದರಲ್ಲಿ ಕ್ಯಾಮೆರಾ ನೋಡಿ ಮಾತಾಡುವುದು ಮೂರು ನಿಮಿಷ ಅಂತಿಟ್ಟುಕೊಂಡರೆ ಉಳಿದದ್ದು 300 ಸೆಕೆಂಡ್. ಒಂದು ಶಾಟ್ ಪರದೆಯ ಮೇಲೆ ಸರಾಸರಿ ನಾಲ್ಕು ಸೆಕೆಂಡ್ ಇರುತ್ತದೆ ಅಂದರೆ 75 ಶಾಟ್ ಬೇಕು. ಸಂಖ್ಯೆ ನೋಡಿ ಗಾಬರಿಯಾಗಬೇಕಿಲ್ಲ. ಅವನ್ನು ಒಂದೊಂದಾಗಿ ಬರೆಯುವ ಬದಲು ಸೀನ್ ಸೀನ್ ಆಗಿ ಕಟ್ಟಿ: ದೂರದಿಂದ ಒಂದು, ನಡುವಿನಿಂದ ಒಂದು, ಹತ್ತಿರದಿಂದ ಒಂದು, ಕೈಯದೋ ವಸ್ತುವಿನದೋ ಒಂದು, ಮುಖದ್ದು ಒಂದು. ಹೀಗೆ ಐದರ ಗುಂಪು ಮಾಡಿದರೆ ಹದಿನೈದು ಸೀನಿಗೆ ಕೆಲಸ ಮುಗಿಯಿತು. ಪರದೆಯ ಮೇಲೆ ನಾಲ್ಕೇ ಸೆಕೆಂಡ್ ಬೇಕಾದರೂ ತೆಗೆಯುವಾಗ ಕೈ ಅಲುಗಿಸದೆ ಹತ್ತು ಸೆಕೆಂಡ್ ಹಿಡಿಯಬೇಕು. ಗುಂಡಿ ಒತ್ತುವಾಗಿನ ಅಲುಗಾಟ ಎರಡು ತುದಿಯಲ್ಲೂ ಕತ್ತರಿಸಿ ಹೋಗುತ್ತದೆ.

ಈಗ ಒಂದು ಪ್ರಯಾಣವನ್ನೇ ಇಟ್ಟುಕೊಂಡು ನೋಡೋಣ. ಶನಿವಾರ ಬೆಳಿಗ್ಗೆ ಆರಕ್ಕೆ ಬಸ್, ಐದು ಗಂಟೆಯ ದಾರಿ, ಕೊನೆಯ ಒಂದೂವರೆ ಗಂಟೆ ಘಾಟಿ. ಊರು ಇರುವುದು ಉತ್ತರಕ್ಕೆ. ಭಾನುವಾರ ಮಧ್ಯಾಹ್ನ ಎರಡಕ್ಕೆ ವಾಪಸ್ ಬಸ್. ಶಾಟ್ ಲಿಸ್ಟಿನ ಮೊದಲ ನಿರ್ಧಾರ ಟಿಕೆಟ್ ಬುಕ್ ಮಾಡುವಾಗಲೇ ಆಗಬೇಕು, ಅದು ಸೀಟು.

ಬೆಳಿಗ್ಗೆ ಉತ್ತರಕ್ಕೆ ಹೋಗುವ ಬಸ್ಸಿನ ಬಲಗಡೆ ಪೂರ್ವ. ಆ ಕಿಟಕಿಯಿಂದ ತೆಗೆದರೆ ಬಿಸಿಲು ನೇರ ಲೆನ್ಸಿಗೆ ಹೊಡೆಯುತ್ತದೆ, ಬೆಟ್ಟ ಕಪ್ಪು ನೆರಳಾಗಿ ಕಾಣುತ್ತದೆ. ಎಡಗಡೆ ಕೂತರೆ ಸೂರ್ಯ ನಮ್ಮ ಬೆನ್ನಿಗೆ, ಬೆಳಕೆಲ್ಲ ಹೊರಗಿನ ಗುಡ್ಡದ ಮೇಲೆ. ಹಾಗಾಗಿ ಎಡ ಸೀಟು. ವಾಪಸ್ ಬರುವಾಗ ಬಸ್ ದಕ್ಷಿಣಕ್ಕೆ ಮುಖ ಮಾಡಿರುತ್ತದೆ, ಎಡಗಡೆ ಪೂರ್ವವಾಗುತ್ತದೆ, ಮಧ್ಯಾಹ್ನದ ಮೇಲೆ ಸೂರ್ಯ ಪಶ್ಚಿಮಕ್ಕೆ ವಾಲಿರುತ್ತಾನೆ. ಆಗಲೂ ಎಡ ಸೀಟೇ ಸರಿ.

ಇದರಲ್ಲಿ ಇನ್ನೊಂದು ಲಾಭ ಅಡಗಿದೆ, ನನಗೆ ತುಂಬ ಇಷ್ಟವಾದ ಸಂಗತಿ ಅದು. ಎಡ ಕಿಟಕಿಯಿಂದ ನೋಡಿದಾಗ ಹೊರಗಿನ ಮರಗಿಡಗಳು ಫ್ರೇಮಿನಲ್ಲಿ ಯಾವಾಗಲೂ ಬಲದಿಂದ ಎಡಕ್ಕೆ ಓಡುತ್ತವೆ. ಬಸ್ ಯಾವ ದಿಕ್ಕಿಗೆ ಹೋದರೂ ಅಷ್ಟೇ. ಬಲ ಕಿಟಕಿಯಲ್ಲಿ ಇದು ತಿರುವುಮುರುವು. ಹಾಗಾಗಿ ಹೋಗುವಾಗ ಕೈತಪ್ಪಿದ ಕಿಟಕಿಯ ಶಾಟನ್ನು ಬರುವಾಗ ಎಡ ಸೀಟಿನಿಂದಲೇ ತೆಗೆದರೆ ಓಟದ ದಿಕ್ಕು ಹೊಂದುತ್ತದೆ, ಹೋಗುವ ಭಾಗದೊಳಗೆ ಸೇರಿಸಿದರೂ ಕಣ್ಣಿಗೆ ಇರುಸುಮುರುಸಾಗುವುದಿಲ್ಲ. ಆದರೆ ಆಗ ಕಾಣುವುದು ರಸ್ತೆಯ ಆಚೆ ಬದಿ ಅನ್ನುವುದು ನೆನಪಿರಲಿ. ಹೋಗುವಾಗ ಎಡಕ್ಕಿದ್ದ ಅದೇ ಕೆರೆ ಬೇಕೆಂದರೆ ಬರುವಾಗ ಬಲಕ್ಕೆ ಕೂರಬೇಕು, ಆಗ ಓಟ ಉಲ್ಟಾ ಆಗಿ ‘ಇವರು ವಾಪಸ್ ಹೊರಟರಾ?’ ಅನ್ನಿಸುತ್ತದೆ. ಅಂಥದ್ದನ್ನು ವಾಪಸಿನ ಭಾಗಕ್ಕೇ ಇಟ್ಟುಕೊಳ್ಳುವುದು ಒಳ್ಳೆಯದು. ಇಷ್ಟು ಯೋಚಿಸಿದ್ದರೆ ಪಟ್ಟಿಯಲ್ಲಿ ‘ಒಮ್ಮೆ’ ಅಂತ ಬರೆದಿದ್ದ ಕೆಲವು ಸಾಲುಗಳು ‘ಮತ್ತೆ’ಗೆ ಸರಿಯುತ್ತವೆ, ತಲೆಭಾರ ಇಳಿಯುತ್ತದೆ. ವಾಪಸಿನಲ್ಲಿ ನಮ್ಮ ಮುಖವೂ ಬರುವ ಶಾಟ್ ತೆಗೆಯುವುದಿದ್ದರೆ ಮೊದಲ ದಿನದ ಅಂಗಿಯನ್ನೇ ಹಾಕಿಕೊಳ್ಳಬೇಕು. ಅದನ್ನೂ ಪಟ್ಟಿಯಲ್ಲೇ ಬರೆದುಬಿಡಿ.

ಘಾಟಿ ಶುರುವಾದ ಮೇಲೆ ಸೀಟಿನ ಲೆಕ್ಕ ಸಡಿಲವಾಗುತ್ತದೆ. ಪ್ರತಿ ಹೇರ್‌ಪಿನ್ ತಿರುವಿಗೂ ಕಣಿವೆ ಒಂದು ಬದಿಯಿಂದ ಇನ್ನೊಂದಕ್ಕೆ ಹೋಗುತ್ತದೆ, ಬಿಸಿಲೂ ಬದಿ ಬದಲಿಸುತ್ತದೆ. ಅಲ್ಲಿ ‘ಕಣಿವೆ ನಮ್ಮ ಕಡೆ ಬಂದಾಗ’ ಅಂತಷ್ಟೇ ಬರೆದುಕೊಂಡು, ಮುಂದಿನ ತಿರುವಿಗೆ ಕಾಯುವ ತಾಳ್ಮೆ ಸಾಕು.

ಮೇಲಿನ ಪ್ರಯಾಣದ ಪಟ್ಟಿಯಿಂದ ಮೂರು ಸಾಲು ಹೀಗಿರುತ್ತವೆ:

ಸೀನ್ 2. ನಿಲ್ದಾಣ, 5:45. ಬಸ್ ಒಳಬರುವುದು, ದೂರದಿಂದ, ಕ್ಯಾಮೆರಾ ಅಲುಗಿಸದೆ, ಬಸ್ ನಿಂತು ಬಾಗಿಲು ತೆರೆಯುವವರೆಗೆ. ಸದ್ದು: ಇದ್ದದ್ದೇ. ಒಮ್ಮೆ.

ಸೀನ್ 5. ಕಿಟಕಿ, 9:30ರ ಸುಮಾರು. ಮೊದಲ ಬೆಟ್ಟ, ಓರೆಯಾಗಿ ಮುಂದಕ್ಕೆ ನೋಡುತ್ತ, 15 ಸೆಕೆಂಡ್. ಸದ್ದು: ಬಸ್ಸಿನದು, ಮಾತು ಬೇಡ. ಒಮ್ಮೆ.

ಸೀನ್ 6. ಬಸ್ಸಿನೊಳಗೆ, ಯಾವಾಗಲಾದರೂ. ಕಂಬಿ ಹಿಡಿದ ಕೈ, ಕಿಟಕಿಯ ಗಾಜಿನ ಮೇಲಿನ ಮಂಜು, ಬೆರಳಲ್ಲಿ ಒರೆಸುವುದು. ಸದ್ದು ಬೇಕಿಲ್ಲ. ಮತ್ತೆ.

ಐದನೇ ಸೀನಿನಲ್ಲಿ ‘ಓರೆಯಾಗಿ ಮುಂದಕ್ಕೆ’ ಅಂತ ಬರೆದದ್ದು ಸುಮ್ಮನೆ ಅಲ್ಲ. ಫೋನಿನ ಸೆನ್ಸರ್ ಚಿತ್ರವನ್ನು ಒಮ್ಮೆಲೇ ಹಿಡಿಯುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಕಿಟಕಿಗೆ ನೇರ ಅಡ್ಡ ಹಿಡಿದರೆ ರಸ್ತೆ ಪಕ್ಕದ ಕಂಬ ಆ ಓದು ಮುಗಿಯುವಷ್ಟರಲ್ಲಿ ಸರಿದುಬಿಟ್ಟಿರುತ್ತದೆ, ವಿಡಿಯೋದಲ್ಲಿ ಕಂಬ ಓರೆಯಾಗಿ ಬಾಗಿ ಕಾಣುತ್ತದೆ. ಇದನ್ನೇ ರೋಲಿಂಗ್ ಶಟರ್ ಅನ್ನುತ್ತಾರೆ. ಮುಂದಕ್ಕೆ ತಿರುಗಿಸಿ ಹಿಡಿದರೆ ಅದೇ ಕಂಬ ಫ್ರೇಮಿನಲ್ಲಿ ನಿಧಾನವಾಗಿ ಬಂದು ಬೇಗ ಹೊರಟುಹೋಗುತ್ತದೆ, ದೂರದ ಬೆಟ್ಟ ಸ್ಥಿರವಾಗಿ ನಿಲ್ಲುತ್ತದೆ.

ಗಾಜಿನ ವಿಷಯಕ್ಕೂ ಪಟ್ಟಿಯಲ್ಲಿ ಒಂದು ಸಾಲು ಮೀಸಲಿಡಿ: ಕಪ್ಪು ಬಟ್ಟೆ. ನಮ್ಮದೇ ಅಂಗಿ, ಎದುರಿನ ಸೀಟು, ಬಸ್ಸಿನ ದೀಪ ಎಲ್ಲವೂ ಗಾಜಿನಲ್ಲಿ ಪ್ರತಿಫಲಿಸುತ್ತವೆ. ಲೆನ್ಸನ್ನು ಗಾಜಿನ ಹತ್ತಿರ ತಂದು ಸುತ್ತ ಬಟ್ಟೆ ಮುಚ್ಚಿದರೆ ಅವು ಹೋಗುತ್ತವೆ. ಆದರೆ ಫೋನನ್ನು ಗಾಜಿಗೆ ಒತ್ತಿ ಹಿಡಿಯಬಾರದು, ಎಂಜಿನ್ನಿನ ನಡುಕ ನೇರ ಚಿತ್ರಕ್ಕೆ ಇಳಿಯುತ್ತದೆ. ಮೊಣಕೈಯನ್ನೂ ಕಿಟಕಿಯ ಚೌಕಟ್ಟಿಗೆ ಆನಿಸದೆ ಮೈಗೆ ಒತ್ತಿಕೊಂಡರೆ ದೇಹವೇ ಕುಲುಕಾಟವನ್ನು ತಿನ್ನುತ್ತದೆ. ಕಾಯಿಸಿ ಗಟ್ಟಿ ಮಾಡಿದ ಗಾಜಿರುವ ಬಸ್ಸಿನಲ್ಲಿ, ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿದರೆ ಗಾಜಿನೊಳಗಿನ ಒತ್ತಡ ಬಣ್ಣದ ಕಲೆಗಳಾಗಿ ಕಾಣಬಹುದು, ಅದಕ್ಕೆ ಬಟ್ಟೆಯೇ ಮೇಲು.

ಸದ್ದಿನ ಕಾಲಂ ಖಾಲಿ ಬಿಟ್ಟವರು ಎಡಿಟಿಂಗಿನಲ್ಲಿ ಕಷ್ಟಪಡುತ್ತಾರೆ. ಓಡುವ ಬಸ್ಸಿನಲ್ಲಿ ಆಡಿದ ಮಾತು ಎಂಜಿನ್ ಸದ್ದಿನಲ್ಲಿ ಮುಳುಗುತ್ತದೆ, ಆಮೇಲೆ ಅದನ್ನು ಶುದ್ಧ ಮಾಡಲು ಹೋದರೆ ದನಿ ನೀರೊಳಗಿಂದ ಬಂದಂತೆ ಕೇಳುತ್ತದೆ. ಹಾಗಾಗಿ ಮುಖ ತೋರಿಸಿ ಮಾತಾಡುವ ಶಾಟನ್ನು ಬಸ್ ಊಟಕ್ಕೋ ಚಹಾಕ್ಕೋ ನಿಂತು ಎಂಜಿನ್ ಆಫ್ ಆದಾಗಿನ ಸಾಲಿಗೆ ಹಾಕಬೇಕು. ಉಳಿದ ಮಾತೆಲ್ಲ ಮನೆಗೆ ಬಂದ ಮೇಲೆ ವಾಯ್ಸ್ ಓವರ್. ಇದರ ಜೊತೆಗೆ ಬಸ್ಸಿನೊಳಗಿನ ಬರೀ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳುವುದನ್ನೂ ಪಟ್ಟಿಗೆ ಸೇರಿಸಿ. ಬೇರೆ ಬೇರೆ ಶಾಟುಗಳ ಕೆಳಗೆ ಆ ಒಂದೇ ಸದ್ದನ್ನು ಹಾಸಿದರೆ ಶಾಟ್ ಬದಲಾದಾಗಲೆಲ್ಲ ಸದ್ದು ಜಿಗಿಯುವುದು ನಿಲ್ಲುತ್ತದೆ.

ಬೆಟ್ಟದೂರಿನ ಬೆಳಗಿನ ಸಾಲುಗಳಿಗೆ ಒಂದು ತಿದ್ದುಪಡಿ ಬೇಕು. ಫೋನಿನಲ್ಲಿ ತೋರಿಸುವ ಸೂರ್ಯೋದಯದ ಹೊತ್ತು ಬಯಲು ದಿಗಂತದ ಲೆಕ್ಕದ್ದು. ಪೂರ್ವಕ್ಕೆ ಎತ್ತರದ ಸಾಲು ಇದ್ದರೆ ಕಣಿವೆಯ ಊರಿಗೆ ಬಿಸಿಲು ತಡವಾಗಿ ಇಳಿಯುತ್ತದೆ, ಪಶ್ಚಿಮಕ್ಕೆ ಇದ್ದರೆ ಸಂಜೆ ಬೇಗ ನೆರಳಾಗುತ್ತದೆ. ಪಟ್ಟಿಯಲ್ಲಿ ಗಂಟೆಯ ಪಕ್ಕ ‘ಬಿಸಿಲು ಬಿದ್ದ ಮೇಲೆ’ ಅಂತ ಬರೆಯುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮಂಜು ಇದ್ದರೆ ಅದಕ್ಕೆ ಬದಲಿ ಸಾಲು ಇರಲಿ: ದೂರದ ನೋಟದ ಬದಲು ಹತ್ತಿರದ ಬೇಲಿ, ಮಂಜಿನಿಂದ ಹೊರಬರುವ ಮನುಷ್ಯ. ಮಂಜಿನಲ್ಲಿ ಕ್ಯಾಮೆರಾ ತಾನೇ ಬೆಳಕು ಅಳೆದರೆ ಬಿಳಿಯನ್ನು ಬೂದು ಬಣ್ಣ ಮಾಡಿಬಿಡುತ್ತದೆ, ಎಕ್ಸ್‌ಪೋಶರ್ ಸ್ವಲ್ಪ ಏರಿಸಬೇಕು.

ಸಹಪ್ರಯಾಣಿಕರ ಮುಖ ಬೇಕಾಗುವ ಸಾಲುಗಳ ಮುಂದೆ ‘ಕೇಳಿ’ ಅಂತ ಗುರುತು ಹಾಕಿ. ಒಪ್ಪದಿದ್ದರೆ ಕೈ, ಬೆನ್ನು, ಕಿಟಕಿಯ ನೆರಳು ಸಾಕಾಗುತ್ತದೆ.

ಪಟ್ಟಿ ಇಷ್ಟೆಲ್ಲ ಇದ್ದರೂ ಫೋನಿನ ಒಂದು ಪರದೆಯೊಳಗೆ ಹಿಡಿಸುವಂತಿರಬೇಕು, ಅಥವಾ ಚೀಟಿಯಲ್ಲಿ ಬರೆದು ಜೇಬಿನಲ್ಲಿಡಬೇಕು, ಯಾಕೆಂದರೆ ಅದೇ ಫೋನಿನಲ್ಲಿ ಶೂಟ್ ಮಾಡುತ್ತ ಪಟ್ಟಿ ತೆರೆಯಲು ಆಗುವುದಿಲ್ಲ. ಶನಿವಾರ ರಾತ್ರಿ ಮಲಗುವ ಮುಂಚೆ ಕ್ಲಿಪ್ಪುಗಳನ್ನು ನೋಡಿ, ಆದದ್ದಕ್ಕೆ ಗೆರೆ ಎಳೆಯಿರಿ. ಗೆರೆ ಬೀಳದೆ ಉಳಿದ ‘ಮತ್ತೆ’ ಸಾಲುಗಳು ಭಾನುವಾರದ ಪಟ್ಟಿಗೆ ಹೋಗುತ್ತವೆ. ಉಳಿದ ‘ಒಮ್ಮೆ’ ಸಾಲಿನ ಮುಂದೆ, ಆ ಜಾಗದಲ್ಲಿ ವಾಯ್ಸ್ ಓವರಿನಲ್ಲಿ ಏನು ಹೇಳಬೇಕು ಅನ್ನುವ ಒಂದು ವಾಕ್ಯವನ್ನು ಅಲ್ಲೇ, ಇಡೀ ದಿನ ಇನ್ನೂ ನೆನಪಿನಲ್ಲಿರುವಾಗಲೇ, ಬರೆದುಕೊಳ್ಳಿ.